ಆ ಪುಟ ಸಿಕ್ಕಿತ್ತಾ?

ಕಳೆದ ಸೆಮಿಸ್ಟರ್ ಕೊನೆಯಲ್ಲಿ ಒಂದು ರಾತ್ರಿ, ಹಾಸ್ಟೆಲ್ ಮೆಸ್ಸಲ್ಲಿ ಒಬ್ಬ ಫಸ್ಟ್ ಇಯರ್ ಹುಡುಗ ನನ್ನ ಎದುರು ತಟ್ಟೆ ಇಟ್ಟುಕೊಂಡು ಕೂತ. ಊಟ ಮುಟ್ಟಲಿಲ್ಲ. ಫೋನ್ ತೆಗೆದು ಒಂದು ಸ್ಕ್ರೀನ್‌ಶಾಟ್ ತೋರಿಸಿದ. "ಅಣ್ಣಾ, ಇದು ನಿಮ್ಮ ಬಾಟೇ ಅಲ್ವಾ?"

ನಮ್ಮದೇ. ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ಮೂವರು ಸೇರಿ ಮಾಡಿದ್ದು. ಕಾಲೇಜಿನ ಕೈಪಿಡಿ, ಹಾಸ್ಟೆಲ್ ನಿಯಮ, ಪರೀಕ್ಷಾ ವಿಭಾಗದ ಸರ್ಕ್ಯುಲರ್‌ಗಳು, ಇವನ್ನೆಲ್ಲ ಅದಕ್ಕೆ ಕೊಟ್ಟಿದ್ವಿ. ಪ್ರಶ್ನೆ ಕೇಳಿದರೆ ಅವುಗಳಿಂದ ಉತ್ತರ ತೆಗೆದು ಕೊಡಬೇಕು. ಅವನು ಕೇಳಿದ್ದು, ಪರೀಕ್ಷೆ ಬರೆಯೋಕೆ ಎಷ್ಟು ಅಟೆಂಡೆನ್ಸ್ ಬೇಕು ಅಂತ. ಬಾಟ್ ಹೇಳಿದ್ದು, ಕನಿಷ್ಠ 75 ಪ್ರತಿಶತ ಅಂತ. ಏನೂ ಅನುಮಾನ ಇಲ್ಲದ ಧಾಟಿಯಲ್ಲಿ, ಕೊನೆಗೆ "ಆಲ್ ದಿ ಬೆಸ್ಟ್" ಬೇರೆ.

ಕೈಪಿಡಿಯಲ್ಲಿ ಇರೋದು ಬೇರೆ. ಪ್ರತಿ ವಿಷಯದಲ್ಲೂ 85 ಬೇಕು. ತಕ್ಕ ಕಾರಣ, ದಾಖಲೆ ಇದ್ದರೆ ಪ್ರಾಂಶುಪಾಲರು 75ರ ತನಕ ವಿನಾಯಿತಿ ಕೊಡಬಹುದು. ಈ ಹುಡುಗ ಫೆಸ್ಟ್‌ನ ನಾಟಕದ ಪ್ರಾಕ್ಟೀಸಿಗೆ ಅಂತ ಬೆಳಗಿನ ಮ್ಯಾಥ್ಸ್ ಕ್ಲಾಸ್‌ಗಳನ್ನ ಲೆಕ್ಕ ಹಾಕಿಕೊಂಡೇ ಬಿಟ್ಟಿದ್ದ. 79ರಲ್ಲಿ ನಿಂತಿದ್ದ. ನಾಲ್ಕು ಪರ್ಸೆಂಟ್ ಎಕ್ಸ್‌ಟ್ರಾ ಇದೆ ಅಂತ ಆರಾಮಾಗಿದ್ದ. ಅವತ್ತು ಬೆಳಗ್ಗೆ ಶಾರ್ಟೇಜ್ ಲಿಸ್ಟ್‌ನಲ್ಲಿ ಅವನ ಹೆಸರು ಬಂದಿತ್ತು. ಹಾವೇರಿಯಿಂದ ಅವರ ಅಪ್ಪ ಬಂದು ಸಹಿ ಹಾಕಬೇಕಿತ್ತು. ಅವನು ನನಗೆ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ನನಗೆ ನಿಜವಾಗಿ ತಲೆ ಕೆಟ್ಟಿದ್ದು ರೂಮಿಗೆ ಹೋಗಿ ಟೆಸ್ಟ್ ಶೀಟ್ ತೆರೆದಾಗ. ಬಾಟನ್ನ ಹೊರಗೆ ಬಿಡೋ ಮುಂಚೆ ನಾವು 50 ಪ್ರಶ್ನೆ ಕೇಳಿ ಪರೀಕ್ಷೆ ಮಾಡಿದ್ವಿ. ಅದರಲ್ಲಿ ಅಟೆಂಡೆನ್ಸ್ ಬಗ್ಗೆಯೂ ಒಂದು ಇತ್ತು: ಪ್ರಾಂಶುಪಾಲರು ವಿನಾಯಿತಿ ಕೊಟ್ಟರೆ ಕನಿಷ್ಠ ಎಷ್ಟು ಹಾಜರಾತಿ ಸಾಕು? ಉತ್ತರ 75. ಬಾಟ್ 75 ಅಂದಿತ್ತು. ಎದುರಿಗೆ ಹಸಿರು ಟಿಕ್. ಅಂದರೆ ಅದೇ ನಿಯಮ, ಅದೇ ಪುಟ, ಟೆಸ್ಟ್‌ನಲ್ಲಿ ಫುಲ್ ಮಾರ್ಕ್ಸ್. ಆ ಹುಡುಗ ಕೇಳಿದಾಗ ಮಾತ್ರ ತಪ್ಪು. ಇದು ಹೇಗೆ?

ಇದನ್ನ ಫೈನಲ್ ಇಯರ್ ಅಕ್ಕ ಒಬ್ಬರ ಹತ್ತಿರ ಹೇಳಿಕೊಂಡೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ್ರು. "ಆ ಟೆಸ್ಟ್ ಪ್ರಶ್ನೆಗೆ ಬಾಟ್ 75 ಅಂದಾಗ ಅದರ ಕೈಗೆ ಆ ಪುಟ ಸಿಕ್ಕಿತ್ತಾ?"

ನನಗೆ ಗೊತ್ತಿರಲಿಲ್ಲ. 50 ಪ್ರಶ್ನೆಯಲ್ಲಿ ಒಂದಕ್ಕೂ ಗೊತ್ತಿರಲಿಲ್ಲ.

ಬೇರೆ ಬ್ರಾಂಚಿನವರಿಗಾಗಿ ಒಂದೆರಡು ಮಾತು. ಇಂಥ ಬಾಟ್ ಒಳಗೆ ಇಬ್ಬರು ಕೆಲಸದವರು ಇರ್ತಾರೆ ಅಂದುಕೊಳ್ಳಿ. ನಾವು ಮೂವರು ಇಟ್ಟ ಹೆಸರೇ ಹೇಳ್ತೀನಿ: ಹುಡುಕೋನು ಮತ್ತು ಬರೆಯೋನು. ದಾಖಲೆಗಳನ್ನೆಲ್ಲ ಮೊದಲೇ ಸಣ್ಣ ತುಣುಕುಗಳಾಗಿ ಕತ್ತರಿಸಿಟ್ಟಿರ್ತೀವಿ, ಒಂದೊಂದು ಸುಮಾರು ಒಂದೆರಡು ಪ್ಯಾರಾ. ಪ್ರತಿ ತುಣುಕಿನ ಅರ್ಥವನ್ನೂ ಸಂಖ್ಯೆಗಳ ಸಾಲಾಗಿ, ಅಂದರೆ ವೆಕ್ಟರ್ ಆಗಿ, ಮಾಡಿಟ್ಟಿರ್ತೀವಿ. ಪ್ರಶ್ನೆ ಬಂದ ತಕ್ಷಣ ಅದನ್ನೂ ವೆಕ್ಟರ್ ಮಾಡಿ, ಅದಕ್ಕೆ ತುಂಬಾ ಹತ್ತಿರ ಇರೋ ಐದು ತುಣುಕುಗಳನ್ನ ತರೋದು ಹುಡುಕೋನ ಕೆಲಸ. ಆ ಐದನ್ನ ಓದಿ ಉತ್ತರ ಬರೆಯೋದು ಭಾಷಾ ಮಾಡೆಲ್, ಅಂದರೆ ಬರೆಯೋನು. ಓಪನ್ ಬುಕ್ ಎಕ್ಸಾಮ್‌ನಲ್ಲಿ ಪುಸ್ತಕದ ಪುಟ ತಂದುಕೊಡೋಕೆ ಒಬ್ಬ, ನೋಡಿ ಬರೆಯೋಕೆ ಇನ್ನೊಬ್ಬ ಇದ್ದ ಹಾಗೆ. 2020ರಲ್ಲಿ ಪ್ಯಾಟ್ರಿಕ್ ಲೂಯಿಸ್ ಮತ್ತು ಜೊತೆಯವರು ಬರೆದ ಪೇಪರ್‌ನಿಂದ ಇದಕ್ಕೆ ರಾಗ್ ಅನ್ನೋ ಹೆಸರು ಬಂತು. ಸಂಗೀತಕ್ಕೂ ಅದಕ್ಕೂ ಸಂಬಂಧ ಇಲ್ಲ, ಕಾಲೇಜ್ ರ‍್ಯಾಗಿಂಗ್‌ಗಂತೂ ಇಲ್ಲವೇ ಇಲ್ಲ.

ಈಗ ಎಕ್ಸಾಮ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂತು ಅಂದರೆ ತಪ್ಪು ಯಾರದ್ದು? ಪುಟ ತಂದೋನದ್ದಾ, ಬರೆದೋನದ್ದಾ? ಉತ್ತರ ಪತ್ರಿಕೆ ಒಂದನ್ನೇ ನೋಡಿದರೆ ಗೊತ್ತಾಗಲ್ಲ. ನಾವು ನೋಡಿದ್ದು ಅದನ್ನೇ. 50ಕ್ಕೆ 32 ಸರಿ ಬಂದಿತ್ತು. ಉಳಿದದ್ದು ಬರೆಯೋನ ತಪ್ಪು ಅಂತ ತೀರ್ಮಾನ ಮಾಡಿ ಎರಡು ವಾರ ಪ್ರಾಂಪ್ಟ್ ತಿದ್ದಿದ್ವಿ. "ಎಚ್ಚರಿಕೆಯಿಂದ ಓದು", "ಹಂತ ಹಂತವಾಗಿ ಯೋಚಿಸು", "ನೀನು ಅನುಭವಿ ಪರೀಕ್ಷಾ ಅಧಿಕಾರಿ". ಕೊನೆಗೆ 34 ಆಯ್ತು. ಪಾರ್ಟಿ ಮಾಡಿದ್ವಿ. ಈಗ ಅನ್ಸುತ್ತೆ, 50 ಪ್ರಶ್ನೆಯಲ್ಲಿ ಎರಡು ಹೆಚ್ಚಾಗೋದು ಏನೇನೂ ಅಲ್ಲ. ಅದೇ ಪ್ರಶ್ನೆಗಳನ್ನ ಏನೂ ಬದಲಾಯಿಸದೆ ಮತ್ತೆ ಕೇಳಿದರೂ ಒಂದೆರಡು ಆಚೀಚೆ ಆಗ್ತಾ ಇತ್ತು.

ಅಕ್ಕ ಹೇಳಿಕೊಟ್ಟ ಕೆಲಸ ಸರಳ, ಆದರೆ ಬೋರ್. ಪ್ರತಿ ಪ್ರಶ್ನೆಗೂ ಸರಿ ಉತ್ತರ ಯಾವ ದಾಖಲೆಯ ಯಾವ ವಾಕ್ಯದಲ್ಲಿದೆ ಅಂತ ನಾವೇ ಕೈಯಾರೆ ಹುಡುಕಿ ಬರೆದಿಡಬೇಕು. ಆಮೇಲೆ ಬರೆಯೋನನ್ನ ಮಲಗಿಸಿಬಿಟ್ಟು, ಹುಡುಕೋನನ್ನ ಮಾತ್ರ ಓಡಿಸಬೇಕು. ಅವನು ತಂದ ಐದರಲ್ಲಿ ನಮ್ಮ ವಾಕ್ಯ ಇದೆಯಾ ಇಲ್ವಾ, ಅಷ್ಟೇ ಎಣಿಸಬೇಕು. 50ರಲ್ಲಿ ಎಷ್ಟಕ್ಕೆ ಇದೆಯೋ ಅದನ್ನ ಐದರೊಳಗಿನ ರಿಕಾಲ್ ಅಂತಾರೆ.

ಇಲ್ಲೇ ನಾವು ಒಂದು ಸಂಜೆ ಹಾಳು ಮಾಡಿಕೊಂಡ್ವಿ. ಮೊದಲು ವಾಕ್ಯದ ಬದಲು ತುಣುಕಿನ ನಂಬರ್ ಬರೆದಿಟ್ಟಿದ್ವಿ: 12ನೇ ಪ್ರಶ್ನೆಗೆ 318ನೇ ತುಣುಕು, ಹೀಗೆ. ಮರುದಿನ ನನ್ನ ರೂಮ್‌ಮೇಟ್ ತುಣುಕುಗಳ ಅಳತೆ ಸ್ವಲ್ಪ ಚಿಕ್ಕದು ಮಾಡಿ ನೋಡೋಣ ಅಂತ ಮತ್ತೆ ಕತ್ತರಿಸಿದ. ನಂಬರ್‌ಗಳೆಲ್ಲ ಬದಲಾಗಿ, ಬರೆದಿಟ್ಟಿದ್ದೆಲ್ಲ ಕಸ ಆಯ್ತು. ಹಾಗಾಗಿ ವಾಕ್ಯವನ್ನೇ ಇದ್ದ ಹಾಗೆ ಕಾಪಿ ಮಾಡಿ ಇಡಬೇಕು. ಆಗ ಹೇಗೆ ಬೇಕಾದರೂ ಕತ್ತರಿಸಿ, ಅಳತೆಗೋಲು ಹಾಗೇ ಉಳಿಯುತ್ತೆ. ಕೋಡ್ ಇಷ್ಟೇ:

```python
def norm(s):
    return " ".join(s.lower().split())

def hit(chunks, gold, k=5):
    return any(norm(gold) in norm(c) for c in chunks[:k])
```

`norm` ಮಾಡೋದು ಹೆಚ್ಚುವರಿ ಸ್ಪೇಸ್, ಸಾಲು ಮುರಿದಿರೋದನ್ನ ಸರಿ ಮಾಡೋ ಕೆಲಸ. ಪಿಡಿಎಫ್‌ನಿಂದ ಬಂದ ಪಠ್ಯದಲ್ಲಿ ಅದಿಲ್ಲದಿದ್ದರೆ ಇರೋ ವಾಕ್ಯವೂ ಇಲ್ಲ ಅನ್ನುತ್ತೆ. ನಮ್ಮ ವಾಕ್ಯ ಎರಡು ತುಣುಕುಗಳ ನಡುವೆ ಮುರಿದು ಹೋಗಿದ್ದರೂ ಇಲ್ಲ ಅನ್ನುತ್ತೆ. ಆದರೆ ಅದನ್ನ ನಾವು ತಪ್ಪು ಅಂತಲೇ ಬಿಟ್ಟಿದ್ವಿ. ನಿಯಮವನ್ನ ಅರ್ಧಕ್ಕೆ ಕತ್ತರಿಸಿದ್ದರೆ ಅದೂ ಹುಡುಕಾಟದ ಕಡೆಯ ತಪ್ಪೇ ತಾನೇ.

ಈಗ ಪ್ರತಿ ಪ್ರಶ್ನೆಗೂ ಎರಡು ಗುರುತು ಸಿಕ್ಕಿತು. ಪುಟ ಬಂತಾ ಇಲ್ವಾ, ಉತ್ತರ ಸರಿನಾ ತಪ್ಪಾ. ಚೌಕಾಬಾರ ಬರೆದ ಹಾಗೆ ಪೇಪರ್ ಮೇಲೆ ನಾಲ್ಕು ಮನೆ ಬರೆದು 50 ಪ್ರಶ್ನೆಗಳನ್ನ ಹಂಚಿದೆ.

ಪುಟ ಬಂದು ಉತ್ತರವೂ ಸರಿ ಆಗಿದ್ದು 29. ಪುಟ ಬಂದೂ ಉತ್ತರ ತಪ್ಪಿದ್ದು 7. ಪುಟ ಬಾರದೆ ಉತ್ತರ ತಪ್ಪಿದ್ದು 9. ಪುಟ ಬಾರದೆ ಉತ್ತರ ಸರಿ ಆಗಿದ್ದು 5.

ಸ್ವಲ್ಪ ಹೊತ್ತು ಆ ಪೇಪರ್ ನೋಡ್ತಾ ಕೂತಿದ್ದೆ. ತಪ್ಪಿದ 16ರಲ್ಲಿ 9ಕ್ಕೆ ಬರೆಯೋನ ಕೈಗೆ ಪುಟವೇ ಬಂದಿರಲಿಲ್ಲ. ಅವನಿಗೆ "ಎಚ್ಚರಿಕೆಯಿಂದ ಓದು" ಅಂತ ಎಷ್ಟು ಹೇಳಿದರೂ, ಓದೋಕೆ ಏನೂ ಇರಲಿಲ್ಲ. ಎರಡು ವಾರದ ಪ್ರಾಂಪ್ಟ್ ಕೆಲಸದಿಂದ ಸರಿ ಆಗೋ ಸಾಧ್ಯತೆ ಇದ್ದದ್ದು 7 ಮಾತ್ರ.

ಆದರೆ ನನ್ನ ಕಣ್ಣು ಹೋಗಿದ್ದು ಕೊನೆಯ ಮನೆಗೆ. ಪುಟ ಇಲ್ಲ, ಉತ್ತರ ಸರಿ. ಮೊದಲು ಆ ಮನೆಯಲ್ಲಿ 7 ಇದ್ದವು. ತೆಗೆದು ನೋಡಿದಾಗ ಎರಡು ನಮ್ಮದೇ ಗುರುತಿನ ತಪ್ಪು. ಅದೇ ನಿಯಮ ಹಾಸ್ಟೆಲ್ ಪುಸ್ತಕದಲ್ಲೂ ಇತ್ತು, ಫೀಸ್ ಸರ್ಕ್ಯುಲರ್‌ನಲ್ಲೂ ಇತ್ತು. ನಾವು ಒಂದನ್ನ ಮಾತ್ರ ಬರೆದಿದ್ವಿ, ಹುಡುಕೋನು ಇನ್ನೊಂದನ್ನ ತಂದಿದ್ದ. ಪಾಪ, ಅವನು ಸರಿ ಇದ್ದ. ಆ ಎರಡನ್ನ ಸರಿಯಾದ ಮನೆಗೆ ಕಳಿಸಿದ ಮೇಲೆ ಮೇಲಿನ ಲೆಕ್ಕ. ಉಳಿದ ಐದರಲ್ಲಿ ಒಂದು, ಆ ಅಟೆಂಡೆನ್ಸ್ ಪ್ರಶ್ನೆ.

ಪುಟ ಬರದೆ 75 ಅಂತ ಹೇಗೆ ಬಂತು? ಭಾಷಾ ಮಾಡೆಲ್ ಇಂಟರ್‌ನೆಟ್ ತುಂಬಾ ಓದಿಕೊಂಡು ಬಂದಿರುತ್ತೆ. ದೇಶದ ಎಷ್ಟೋ ಕಡೆ ಅಟೆಂಡೆನ್ಸ್ ಅಂದರೆ 75. ಅದರ ಬಾಯಿಗೆ ಬರೋದೇ ಅದು. ಇದನ್ನ ಖಚಿತ ಮಾಡಿಕೊಳ್ಳೋಕೆ ಒಂದು ಕಿತಾಪತಿ ಮಾಡಿದ್ವಿ. ಕೈಪಿಡಿಯ ಒಂದು ಪ್ರತಿಯಲ್ಲಿ 75 ಇದ್ದಲ್ಲೆಲ್ಲ 68 ಅಂತ ತಿದ್ದಿ, ಆ ಪ್ರತಿಯಿಂದ ಮತ್ತೆ ತುಣುಕು ಮಾಡಿ, ಅದೇ ಪ್ರಶ್ನೆ ಕೇಳಿದ್ವಿ. ಓದಿ ಹೇಳ್ತಿದ್ದರೆ 68 ಅನ್ನಬೇಕು. ಅದು ಮತ್ತೆ 75 ಅಂತು. ಐದಕ್ಕೂ ಹೀಗೆ ಅಂಕಿ ಬದಲಾಯಿಸಿ ನೋಡಿದ್ವಿ, ಐದಕ್ಕೂ ಹಳೆಯ ಉತ್ತರವೇ ಬಂತು. ಕಣ್ಣು ಮುಚ್ಚಿ ಆಬ್ಜೆಕ್ಟಿವ್ ಪೇಪರ್‌ನಲ್ಲಿ ಟಿಕ್ ಹಾಕಿದ ಹಾಗೆ.

ಆ ಹುಡುಗನ ಪ್ರಶ್ನೆಗೂ ಪುಟ ಬಂದಿರಲಿಲ್ಲ. ಎರಡೂ ಸಲ ಬಾಟ್ ಮಾಡಿದ್ದು ಒಂದೇ ಕೆಲಸ, ನೆನಪಿನಿಂದ 75 ಅನ್ನೋದು. ನಮ್ಮ ಟೆಸ್ಟ್ ಪ್ರಶ್ನೆಗೆ ಅದು ಹೊಂದಿಕೊಂಡಿತು, ಅವನ ಪ್ರಶ್ನೆಗೆ ಹೊಂದಲಿಲ್ಲ. ನಮ್ಮ ಹಸಿರು ಟಿಕ್ ನಿಜಕ್ಕೂ ಒಂದು ಎಚ್ಚರಿಕೆ ಆಗಿತ್ತು, ನಾವದನ್ನ ಮಾರ್ಕ್ಸ್ ಅಂತ ಎಣಿಸಿದ್ವಿ.

ಹುಡುಕೋನನ್ನ ಬೇರೆ ಮಾಡಿ ಅಳೆದ ಹಾಗೆ ಬರೆಯೋನನ್ನೂ ಬೇರೆ ಮಾಡಿ ಅಳೆಯಬಹುದು. ಹುಡುಕೋನಿಗೆ ರಜೆ ಕೊಟ್ಟು, ನಾವು ಗುರುತು ಮಾಡಿಟ್ಟ ಸರಿಯಾದ ಭಾಗವನ್ನೇ ನೇರ ಅವನ ಕೈಗೆ ಕೊಟ್ಟು ಕೇಳೋದು. 50ಕ್ಕೆ 45 ಸರಿ ಬಂತು. ಅಂದರೆ ಹುಡುಕಾಟ ಎಷ್ಟೇ ಚೆನ್ನಾಗಿ ಆದರೂ ಈ ಬರೆಯೋನ ಹತ್ತಿರ ಸುಮಾರು 45 ಸಿಗುತ್ತೆ. ನಮಗೆ ಸಿಗ್ತಾ ಇದ್ದದ್ದು 34. ನಡುವೆ ಇರೋ ಜಾಗ ಬಹುಪಾಲು ಹುಡುಕೋನದ್ದು. ಇದರಲ್ಲಿ ಒಂದು ತಮಾಷೆ. ಮೊದಲು ಸರಿ ಇದ್ದ ಒಂದು ಪ್ರಶ್ನೆ ಇಲ್ಲಿ ತಪ್ಪಾಯ್ತು. ರೀವ್ಯಾಲ್ಯುಯೇಷನ್‌ಗೆ ಫೀಸ್ ಎಷ್ಟು, ಕೊನೆ ದಿನ ಯಾವಾಗ ಅನ್ನೋ ಪ್ರಶ್ನೆ ಅದು. ಫೀಸ್ ಒಂದು ಕಡೆ, ದಿನಾಂಕ ಇನ್ನೊಂದು ಕಡೆ ಇತ್ತು. ನಾವು ಫೀಸಿನ ವಾಕ್ಯ ಮಾತ್ರ ಗುರುತು ಮಾಡಿದ್ವಿ. ಹುಡುಕೋನು ನಮಗಿಂತ ಚೆನ್ನಾಗಿ ಎರಡನ್ನೂ ತಂದಿದ್ದ.

ಇಷ್ಟಾದ ಮೇಲೆ ನಾವು ಮಾಡಿದ ಮೊದಲ ಕೆಲಸ ಅವಸರದ್ದು. ಐದು ತುಣುಕು ಸಾಲ್ತಿಲ್ಲ ತಾನೇ, 20 ಕಳಿಸೋಣ ಅಂದ ರೂಮ್‌ಮೇಟ್. ಒಂದು ಅಂಕಿ ಬದಲಾಯಿಸಿದರೆ ಆಯ್ತು. ಪುಟ ಸಿಕ್ಕಿದ್ದು 36ರಿಂದ 45ಕ್ಕೆ ಏರಿತು. ಆದರೆ ಸರಿ ಉತ್ತರ 34ರಿಂದ 32ಕ್ಕೆ ಇಳೀತು! ಮೊದಲಿನ ಹಾಗೆ ಉತ್ತರ ಒಂದನ್ನೇ ಎಣಿಸ್ತಾ ಇದ್ದಿದ್ದರೆ, 20 ಕಳಿಸಿ ಪ್ರಯೋಜನ ಇಲ್ಲ ಅಂತ ಅಲ್ಲಿಗೇ ಬಿಟ್ಟುಬಿಡ್ತಿದ್ವಿ. ಎರಡು ಅಂಕಿ ಇದ್ದದ್ದರಿಂದ ಗೊತ್ತಾಯ್ತು, ಪುಟ ಸಿಗ್ತಿದೆ, ರಾಶಿಯಲ್ಲಿ ಕಳೆದುಹೋಗ್ತಿದೆ. ರಾಶಿಯೊಳಗೆ ಎರಡು ವರ್ಷದ ಹಿಂದಿನ ಹಾಸ್ಟೆಲ್ ಸರ್ಕ್ಯುಲರ್, ಹೊಸ ಸರ್ಕ್ಯುಲರ್ ಎರಡೂ ಇರ್ತಿದ್ದವು. ಬರೆಯೋನು ಮೊದಲು ಕಣ್ಣಿಗೆ ಬಿದ್ದದ್ದನ್ನ ಹಿಡಿದುಕೊಳ್ತಿದ್ದ. 2023ರಲ್ಲಿ ನೆಲ್ಸನ್ ಲಿಯು ಮತ್ತಿತರರು ಬರೆದ ಒಂದು ಪೇಪರ್ ಅಕ್ಕ ತೋರಿಸಿದ್ರು. ಉದ್ದದ ಪಠ್ಯ ಕೊಟ್ಟಾಗ ಅವರು ನೋಡಿದ ಮಾಡೆಲ್‌ಗಳು ಮೊದಲಲ್ಲಿ, ಕೊನೆಯಲ್ಲಿ ಇರೋದನ್ನ ಚೆನ್ನಾಗಿ ಬಳಸುತ್ತವೆ, ನಡುವೆ ಇರೋದನ್ನ ಬಿಟ್ಟುಬಿಡೋದು ಜಾಸ್ತಿ ಅಂತ ಅದರಲ್ಲಿದೆ. ಲಾಸ್ಟ್ ಬೆಂಚ್, ಫಸ್ಟ್ ಬೆಂಚ್ ಬಿಟ್ಟು ನಡುವಿನವರನ್ನ ಯಾವ ಸರ್ರೂ ಗಮನಿಸಲ್ವಲ್ಲ, ಹಾಗೆ.

ಆದರೂ 20ರ ಪ್ರಯೋಗ ಒಂದು ಉಪಕಾರ ಮಾಡಿತು. ಸಿಗದ 14 ಪುಟಗಳಲ್ಲಿ 9 ಪುಟ ಆರರಿಂದ ಇಪ್ಪತ್ತನೇ ಜಾಗದೊಳಗೆ ಇದ್ದವು. ಸ್ವಲ್ಪ ಮೇಲೆ ತಳ್ಳಿದರೆ ಸಾಕು. ಉಳಿದ 5 ಇಪ್ಪತ್ತರಲ್ಲೂ ಇಲ್ಲ. ಇವೆರಡು ಬೇರೆ ಬೇರೆ ಕಾಯಿಲೆ.

ಒಂಬತ್ತನ್ನ ಒಂದೊಂದಾಗಿ ತೆರೆದು ಓದಿದ್ವಿ. ಆರಕ್ಕೆ ಕಾರಣ ಒಂದೇ. ಕೈಪಿಡಿಯಲ್ಲಿ "ಹಾಜರಾತಿ" ಅಂತ ದಪ್ಪ ಅಕ್ಷರದ ತಲೆಬರಹ ಒಂದು ತುಣುಕಿನ ಕೊನೆಯಲ್ಲಿ ಉಳಿದುಬಿಟ್ಟಿತ್ತು. ನಿಯಮ ಇರೋ ಮುಂದಿನ ತುಣುಕಿನಲ್ಲಿ ಹಾಜರಾತಿ ಅನ್ನೋ ಶಬ್ದವೇ ಇಲ್ಲ. ಬರೀ "ಮೇಲೆ ಹೇಳಿದ ಮಿತಿಗಿಂತ ಕಡಿಮೆ ಇರುವ ವಿದ್ಯಾರ್ಥಿ" ಅನ್ನೋ ತರಹದ ಇಂಗ್ಲಿಷ್. ಮೇಲೆ ಏನಿತ್ತು ಅಂತ ಆ ತುಣುಕಿಗೆ ಹೇಗೆ ಗೊತ್ತಾಗಬೇಕು? ಪ್ರತಿ ತುಣುಕಿನ ತಲೆ ಮೇಲೆ ಅದರ ಅಧ್ಯಾಯ, ತಲೆಬರಹ, ದಾಖಲೆಯ ದಿನಾಂಕ ಅಂಟಿಸಿದ್ವಿ. ಆರೂ ಐದರೊಳಗೆ ಬಂದವು. ಉಳಿದ ಮೂರಕ್ಕೆ ಕಾರಣ ಶಬ್ದಗಳ ಜಗಳ. ನಾವು "ಶಾರ್ಟೇಜ್" ಅಂದರೆ ಕೈಪಿಡಿ "ಕಂಡೋನೇಷನ್" ಅನ್ನುತ್ತೆ. ಅವು ಇನ್ನೂ ಸರಿ ಆಗಿಲ್ಲ.

ಇಪ್ಪತ್ತರಲ್ಲೂ ಇಲ್ಲದ ಐದರ ಕಥೆ ನನಗೆ ತುಂಬಾ ಇಷ್ಟ, ಯಾಕಂದ್ರೆ ಅದು ಎಲ್ಲೂ ಓದಿ ಗೊತ್ತಾಗಿದ್ದಲ್ಲ. ಎರಡು ಸ್ಕ್ಯಾನ್ ಮಾಡಿದ ಫೀಸ್ ಪಟ್ಟಿಗಳು, ಬರೀ ಫೋಟೋ, ಒಳಗೆ ಪಠ್ಯವೇ ಇಲ್ಲ. ಅದನ್ನ ಊಹಿಸಬಹುದಿತ್ತು. ಇನ್ನು ಮೂರು, ಕನ್ನಡದ ಸರ್ಕ್ಯುಲರ್‌ಗಳು. ಸ್ಕ್ರೀನ್ ಮೇಲೆ ತೆರೆದರೆ ಅಚ್ಚುಕಟ್ಟಾದ ಕನ್ನಡ. ಹುಡುಕೋನು ಯಾಕೆ ತರಲ್ಲ ಅಂತ ತಲೆ ಕೆರೆದುಕೊಂಡು, ಕೊನೆಗೆ ಪಿಡಿಎಫ್‌ನಿಂದ "ಹಾಜರಾತಿ" ಅನ್ನೋ ಒಂದು ಪದ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದೆ. ಬಂದದ್ದು ಇದು:

```
ºÁdgÁw
```

ಆ ಸರ್ಕ್ಯುಲರ್‌ಗಳು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಟೈಪ್ ಆಗಿದ್ದವು. ಆ ಕಾಲದ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನ ಕೂರಿಸಿರ್ತಾರೆ. ನಮ್ಮ ಕಣ್ಣಿಗೆ ಹಾಜರಾತಿ, ಕಂಪ್ಯೂಟರ್‌ಗೆ ಮೇಲಿನ ಗಲಿಬಿಲಿ. ನಮ್ಮ ಹುಡುಕೋನು ಆ ಪುಟಗಳನ್ನ ಒಂದು ದಿನವೂ ಓದಿರಲಿಲ್ಲ. ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಎರಡನೇ ಭಾಷೆಯಾಗಿ ಓದಿದವನು, ನನಗೇ ಓದೋಕೆ ನಿಧಾನ, ಆದರೆ ಅವನಿಗಿಂತ ನಾನು ವಾಸಿ ಅಂತ ಒಂದು ಕ್ಷಣ ಖುಷಿ ಆಯ್ತು. ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕ ಸಿಗುತ್ತೆ. ಮೂರರಲ್ಲಿ ಎರಡು ಸರಿ ಹೋದವು. ಇನ್ನೊಂದರಲ್ಲಿ ಒತ್ತಕ್ಷರಗಳು ಇನ್ನೂ ಎಡವಟ್ಟು. ಉತ್ತರದ ಅಂಕ ಮಾತ್ರ ನೋಡ್ತಾ ಇದ್ದಿದ್ದರೆ ಇದು ಗೊತ್ತಾಗೋದಕ್ಕೆ ದಾರಿಯೇ ಇರಲಿಲ್ಲ. "ಬಾಟ್‌ಗೆ ಕನ್ನಡ ಸರಿಯಾಗಿ ಬರಲ್ಲ" ಅಂದುಕೊಂಡು ಸುಮ್ಮನಾಗ್ತಿದ್ವಿ.

ಹೀಗೆ ಐದರೊಳಗೆ ಪುಟ ಸಿಗೋದು 36ರಿಂದ 44 ಆಯ್ತು. ತುಣುಕಿನ ಮೇಲೆ ದಿನಾಂಕ ಬಂದಿದ್ದರಿಂದ, ಹಳೆ ಮತ್ತು ಹೊಸ ಸರ್ಕ್ಯುಲರ್ ಕಲಸಿಕೊಂಡು ತಪ್ಪುತ್ತಿದ್ದ ನಾಲ್ಕರಲ್ಲಿ ಎರಡೂ ಸರಿ ಆದವು. ಇನ್ನು ಮೂರು, ಸರಿಯಾದ ಭಾಗ ಒಂದನ್ನೇ ಕೈಗೆ ಕೊಟ್ಟರೂ ತಪ್ಪೇ. "ಫಲಿತಾಂಶ ಪ್ರಕಟವಾದ ಏಳು ದಿನಗಳೊಳಗೆ, ರಜಾ ದಿನ ಹೊರತುಪಡಿಸಿ" ಅಂತ ಇದ್ದರೆ ರಜೆ ಸೇರಿಸಿಯೇ ಎಣಿಸುತ್ತೆ. ಇವು ನಿಜವಾಗಿಯೂ ಬರೆಯೋನ ತಪ್ಪು. ಪ್ರಾಂಪ್ಟ್ ತಿದ್ದಬೇಕಾದ್ದು ಇವಕ್ಕೆ.

ಪ್ರಾಂಪ್ಟ್‌ನಲ್ಲಿ ಒಂದೇ ಒಂದು ದೊಡ್ಡ ಬದಲಾವಣೆ ಮಾಡಿದ್ವಿ. ಕೊಟ್ಟ ತುಣುಕುಗಳಲ್ಲಿ ಉತ್ತರ ಇಲ್ಲದಿದ್ದರೆ "ಕೈಪಿಡಿಯಲ್ಲಿ ಸಿಗಲಿಲ್ಲ, ಪರೀಕ್ಷಾ ವಿಭಾಗದಲ್ಲಿ ಕೇಳಿ" ಅನ್ನಬೇಕು. ಈಗ ಪುಟ ಸಿಗದ ಆರರಲ್ಲಿ ಐದಕ್ಕೆ ಹಾಗೇ ಅನ್ನುತ್ತೆ, ಒಂದಕ್ಕೆ ಇನ್ನೂ ಬಾಯಿಗೆ ಬಂದದ್ದು ಹೇಳುತ್ತೆ. ಆ ಐದರಲ್ಲಿ ಎರಡು ಮೊದಲು ಅದೃಷ್ಟದಿಂದ ಸರಿ ಇದ್ದವು, ಅಂದರೆ ನಾವಾಗಿಯೇ ಎರಡು ಮಾರ್ಕ್ಸ್ ಬಿಟ್ಟುಕೊಟ್ಟ ಹಾಗಾಯ್ತು. ಈಗ ಒಟ್ಟು 50ಕ್ಕೆ 39. ವೈವಾದಲ್ಲಿ ಸರ್ ಕೇಳಿದ್ರು, ಸರಿ ಇದ್ದ ಉತ್ತರವನ್ನ ಯಾಕೆ ಗೊತ್ತಿಲ್ಲ ಅನ್ನಿಸ್ತಿದ್ದೀರಾ ಅಂತ. ನಾನು ಆ ಸ್ಕ್ರೀನ್‌ಶಾಟ್ ತೋರಿಸಿದೆ.

ಆ ಹುಡುಗನ ಅಪ್ಪ ಬಂದಿದ್ರು. ರಾತ್ರಿ ಬಸ್ಸಲ್ಲಿ ಬಂದು, ಆಫೀಸ್ ತೆಗೆಯೋ ತನಕ ಕಾರಿಡಾರ್‌ನಲ್ಲಿ ಕೂತಿದ್ರು. ನಾನೂ ಹೋಗಿದ್ದೆ, ಪ್ರಾಂಶುಪಾಲರಿಗೆ ತಪ್ಪು ನನ್ನದೂ ಇದೆ ಅಂತ ಹೇಳೋಣ ಅಂತ. "ಆ ಮಷೀನ್ ಮಾಡಿದವರು ನೀವೇ ಏನ್ರೀ?" ಅಂದ್ರು. ಹೌದು ಅಂದೆ. ನನಗೇನೂ ಅನ್ನಲಿಲ್ಲ. ಮಗನ ಕಡೆ ತಿರುಗಿ, "ಆ ಪುಸ್ತಕ ತಗದು ನೋಡಾಕ ಏನಾಗಿತ್ತಲೇ ನಿನಗ?" ಅಂದ್ರು. ನಾಟಕದ ಪ್ರಾಕ್ಟೀಸ್‌ನ ಪತ್ರ ಇಟ್ಟು ವಿನಾಯಿತಿ ಸಿಕ್ಕಿತು. ಪರೀಕ್ಷೆ ಬರೆದ.

ಇನ್ನೊಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ 44 ಅನ್ನೋ ಅಂಕಿ ನೋಡಿ ನೀವು ನಂಬಿಬಿಡ್ತೀರಿ. ಆ 50 ಪ್ರಶ್ನೆ ಬರೆದವರು ನಾವೇ, ಕೈಪಿಡಿಯನ್ನ ಎದುರಿಗೆ ಇಟ್ಟುಕೊಂಡು. ಹಾಗೆ ಬರೆದ ಪ್ರಶ್ನೆಯಲ್ಲಿ ಕೈಪಿಡಿಯ ಶಬ್ದಗಳೇ ನುಸುಳಿರ್ತವೆ. ಹುಡುಕೋನಿಗೆ ಅರ್ಧ ಕೆಲಸ ನಾವೇ ಮಾಡಿಕೊಟ್ಟ ಹಾಗೆ. ಇದು ಹಳೆಯ ತಪ್ಪಂತೆ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಅನ್ನೋ ಲೈಬ್ರರಿಯನ್ ಹುಡುಕಾಟದ ಗುಣಮಟ್ಟ ಅಳೆಯೋ ಪ್ರಯೋಗ ಮಾಡಿದಾಗ, ಮೊದಲ ಸುತ್ತಿನಲ್ಲಿ ಸಂಗ್ರಹದ ದಾಖಲೆಗಳನ್ನೇ ನೋಡಿ ಪ್ರಶ್ನೆ ಮಾಡಿಸಿದ್ರು. ಅದಕ್ಕೆ ಸಿಕ್ಕಾಪಟ್ಟೆ ಟೀಕೆ ಬಂತು. 1960ರ ದಶಕದ ಎರಡನೇ ಸುತ್ತಿನಲ್ಲಿ ದಾರಿ ಬದಲಾಯಿಸಿ, ಸಂಶೋಧಕರನ್ನೇ ಕೇಳಿದ್ರು: ನಿಮ್ಮ ಪೇಪರ್ ಬರೆಯೋಕೆ ಮುಂಚೆ ನಿಮ್ಮ ತಲೆಯಲ್ಲಿದ್ದ ಪ್ರಶ್ನೆ ಏನು? ಆ ಸಂಗ್ರಹದಲ್ಲಿ 1400 ದಾಖಲೆ, 225 ಪ್ರಶ್ನೆ. ಆಗ ಬರೆಯೋನು ಅನ್ನೋನೇ ಇರಲಿಲ್ಲ, ಹುಡುಕೋನನ್ನ ಮಾತ್ರ ಅಳೀತಿದ್ರು. ಅರವತ್ತು ವರ್ಷದ ಹಿಂದೆ ಅವರಿಗೆ ಇದ್ದ ಬುದ್ಧಿ ನಮಗೆ ಇರಲಿಲ್ಲ, ಹೋಗಲಿ.

ನಾವೂ ಹಾಗೇ ಮಾಡಿದ್ವಿ. ಹಾಸ್ಟೆಲ್ ಗ್ರೂಪ್‌ನಲ್ಲಿ ಒಪ್ಪಿದವರಿಂದ, ಅವರು ಬಾಟ್‌ಗೆ ನಿಜವಾಗಿ ಕೇಳಿದ ಪ್ರಶ್ನೆಗಳನ್ನ ಒಂದಕ್ಷರವೂ ತಿದ್ದದೆ ತಗೊಂಡ್ವಿ. ದಾಖಲೆಗಳಲ್ಲಿ ಉತ್ತರ ಇರೋವು 30 ಸಿಕ್ಕವು. ಅದೇ ಸುಧಾರಿಸಿದ ಹುಡುಕೋನು, ಅದೇ ಐದು ತುಣುಕು. ಪುಟ ಸಿಕ್ಕಿದ್ದು 17ಕ್ಕೆ.

ಯಾಕೆ ಅಂತ ನೋಡೋಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಜನ ಕೇಳೋದು ಹೀಗೆ:

```
guru maths alli 76 ide, exam ge bidtara illa NE haktara
```

ಇಂಗ್ಲಿಷ್ ಅಕ್ಷರದ ಕನ್ನಡ. ಅಟೆಂಡೆನ್ಸ್ ಅನ್ನೋ ಮಾತೇ ಇಲ್ಲ, ನಿಯಮ ಅನ್ನೋದಂತೂ ಇಲ್ಲ. 76 ಅಂದರೆ ಏನು ಅಂತ ನಮಗೆ ಗೊತ್ತಾಗುತ್ತೆ, ವೆಕ್ಟರ್‌ಗೆ ಅದು ಮಾರ್ಕ್ಸ್ ಕೂಡ ಆಗಬಹುದು. ಸಿಗದ 13ರಲ್ಲಿ 10 ಈ ಜಾತಿಯವೇ.

ಈಗ ನಮ್ಮ ಹತ್ತಿರ ಎರಡು ಶೀಟ್ ಇದೆ. ಹಳೆಯ 50, ಹೊಸ 30. ಸರ್ಕ್ಯುಲರ್ ಬಂದಾಗಲೆಲ್ಲ, ಏನಾದರೂ ಬದಲಾಯಿಸಿದಾಗಲೆಲ್ಲ ಮೊದಲು ಹುಡುಕೋನನ್ನ ಒಬ್ಬನನ್ನೇ ಎರಡರ ಮೇಲೂ ಓಡಿಸ್ತೀವಿ. ಬರೆಯೋನನ್ನ ಕರೆಯದೇ ಇರೋದರಿಂದ ಒಂದು ನಿಮಿಷವೂ ಬೇಡ, ದುಡ್ಡೂ ಬೇಡ. ಹೊಸ ಶೀಟಿನ ಮೊದಲ ಸಾಲು ಆ ಹುಡುಗನ ಪ್ರಶ್ನೆ. ಅದರ ಪುಟ ಈಗ ಎರಡನೇ ಜಾಗದಲ್ಲಿ ಬರುತ್ತೆ. ಎರಡನೇ ಸಾಲು ಮೇಲಿನ ಗುರು ಪ್ರಶ್ನೆ. ನಿನ್ನೆ ರಾತ್ರಿ ನೋಡಿದಾಗ ಅದರ ಪುಟ 43ನೇ ಜಾಗದಲ್ಲಿತ್ತು.